ಇಪ್ಪತ್ತಮೂರನೇ ನಂಬರ್

ವಾಸುದೇವ ಮಾಸ್ಟ್ರ ನೆನಪಿನ ಶಕ್ತಿ ಕಟಪಾಡಿಯಿಂದ ಶಿರ್ವದವರೆಗೂ ಪ್ರಸಿದ್ಧ. ಮದುವೆ ಊಟದ ಸಾಲಿನಲ್ಲಿ ನಿಂತಿದ್ದಾಗ, ತಲೆ ನರೆತ ಯಾರೋ ಬಂದು ಕಾಲಿಗೆ ಬಿದ್ದರೆ, ಮುಖ ಎತ್ತುವ ಮೊದಲೇ "ನೀನು ಎಂಬತ್ತೆರಡರ ಬ್ಯಾಚಲ್ವಾ, ಕಿಟಕಿ ಬದಿಯ ಬೆಂಚು, ಭಿನ್ನರಾಶಿ ಬರ್ತಿರಲಿಲ್ಲ" ಎಂದುಬಿಡುತ್ತಾರೆ. ಕಾಲಿಗೆ ಬಿದ್ದವನಿಗೆ ಖುಷಿ, ಸುತ್ತ ನಿಂತವರಿಗೆ ಆಶ್ಚರ್ಯ. ಮಾಸ್ಟ್ರಿಗೆ ಎಲ್ಲರಿಗಿಂತ ಜಾಸ್ತಿ ಖುಷಿ.

ನಿವೃತ್ತಿಯಾಗಿ ಹತ್ತು ವರ್ಷ ದಾಟಿದೆ. ಈಗ ಎರಡು ದನ, ಸ್ವಲ್ಪ ಅಡಿಕೆ, ಬೆಳಿಗ್ಗೆ ಡೈರಿಗೆ ಹಾಲು. ಶಾಲೆಗೆ ನೂರು ವರ್ಷ ತುಂಬುತ್ತದೆ ಎಂದು ಹಳೆ ವಿದ್ಯಾರ್ಥಿಗಳು ಸಮಿತಿ ಮಾಡಿಕೊಂಡಾಗ ಗೌರವಾಧ್ಯಕ್ಷ ಸ್ಥಾನ ಇವರಿಗೇ ಬಂತು. ಗೌರವಾಧ್ಯಕ್ಷ ಅಂದ್ರೆ ಗೊತ್ತಲ್ಲ, ಕುರ್ಚಿ ಮುಂದಿನದು, ಕೆಲಸ ಏನೂ ಇಲ್ಲ.

ಕೆಲಸ ಎಲ್ಲ ಪ್ರಜ್ವಲನದ್ದು. ಮಣಿಪಾಲದಲ್ಲಿ ಯಾವುದೋ ಕಂಪ್ಯೂಟರ್ ಕೆಲಸ, ಶನಿವಾರ ಭಾನುವಾರ ಊರಲ್ಲಿ. ಶಾಲೆಯ ಅಟ್ಟದ ಮೇಲಿದ್ದ ಹಳೆ ಪುಸ್ತಕಗಳನ್ನು ಕೆಳಗಿಳಿಸಿ, ಒಂದೊಂದೇ ಪುಟದ ಫೋಟೋ ತೆಗೆದು, ಹೆಸರು ಅಂಕ ಎಲ್ಲ ಶೀಟಿಗೆ ಟೈಪ್ ಮಾಡುವುದು ಅವನೇ ಹಾಕಿಕೊಂಡ ಯೋಜನೆ. ದಾಖಲಾತಿ ಪುಸ್ತಕದ ಅರ್ಧವನ್ನು ಗೆದ್ದಲು ಆಗಲೇ ಮುಗಿಸಿತ್ತು. ಉಳಿದದ್ದು ಮಳೆನೀರು ಕುಡಿದು ಒಂದೇ ಹಲಗೆಯಾಗಿತ್ತು. ಚೆನ್ನಾಗಿ ಉಳಿದದ್ದು ಮಾಸ್ಟ್ರು ಬರೆದ ಮಾರ್ಕ್ಸ್ ರಿಜಿಸ್ಟರುಗಳು ಮಾತ್ರ. ಅವರು ಪ್ರತಿ ವರ್ಷ ರಿಜಿಸ್ಟರಿಗೆ ಕ್ಯಾಲೆಂಡರಿನ ದಪ್ಪ ಕಾಗದದ ಹೊದಿಕೆ ಹಾಕಿ, ಒಳಗೆ ಒಣಗಿದ ಬೇವಿನ ಎಲೆ ಇಡುತ್ತಿದ್ದರು. ನಂಬರ್, ಹೆಸರು, ತಂದೆಯ ಹೆಸರು, ದಾಖಲಾತಿ ಸಂಖ್ಯೆ, ಹುಟ್ಟಿದ ತಾರೀಕು, ಆಮೇಲೆ ಅಂಕಗಳು. ಕಪ್ಪು ಶಾಯಿ, ನಪಾಸಾದರೆ ಕೆಂಪು.

ಒಂದು ಭಾನುವಾರ ಪ್ರಜ್ವಲ ಲ್ಯಾಪ್‌ಟಾಪ್ ಹಿಡಿದು ಮಾಸ್ಟ್ರ ಮನೆಗೇ ಬಂದ.

"ಮಾಸ್ಟ್ರೇ, ಒಂದು ಡೌಟುಂಟು. 1977-78, ಆರನೇ ಕ್ಲಾಸ್. ಇಪ್ಪತ್ತಮೂರನೇ ನಂಬರ್ ನೋಡಿ."

ಪರದೆಯಲ್ಲಿ ಒಂದು ಸಾಲು ಮಾತ್ರ ಹಳದಿ ಬಣ್ಣದಲ್ಲಿತ್ತು. ಹೆಸರು ಗುಲಾಬಿ. ತಂದೆ ತೋಮ. ಹುಟ್ಟಿದ್ದು 12-6-1966. ವಾರ್ಷಿಕ ಪರೀಕ್ಷೆಯ ಆರೂ ಕಾಲಮ್ಮಿನಲ್ಲಿ "ಗೈ" ಎಂದಿತ್ತು. ಗೈರು. ಒಟ್ಟು ಅಂಕದ ಜಾಗದಲ್ಲಿ `=SUM(F24:K24)` ಹಾಕಿದ್ದನಂತೆ, ಸೊನ್ನೆ ಬಂದಿದೆ. ಆದರೆ ಕೊನೆಯ ಕಾಲಮ್ಮಿನಲ್ಲಿ, ಮಾಸ್ಟ್ರದ್ದೇ ದುಂಡು ಅಕ್ಷರದಲ್ಲಿ, ತೇರ್ಗಡೆ.

"ಸೊನ್ನೆಗೆ ಪಾಸ್ ಹೇಗೆ? ಟೈಪ್ ಮಾಡುವಾಗ ತಪ್ಪಿತಾ ಅಂತ ಫೋಟೋ ದೊಡ್ಡದು ಮಾಡಿ ನೋಡಿದೆ. ಅದೇ ಉಂಟು."

ಮಾಸ್ಟ್ರು ಕನ್ನಡಕ ಮೇಲೆ ಸರಿಸಿ, ಕೆಳಗೆ ಇಳಿಸಿ ನೋಡಿದರು. ಇಪ್ಪತ್ತೆರಡು ಗಣಪಯ್ಯ, ಇಪ್ಪತ್ತನಾಲ್ಕು ಗೋಪಿ. ಇಬ್ಬರ ಮುಖವೂ ತಟ್ಟನೆ ಬಂತು. ಗೋಪಿಗೆ ಮೂಗಿನ ಮೇಲೆ ಗಾಯದ ಕಲೆ. ನಡುವೆ ಏನೂ ಇಲ್ಲ.

ಆದರೆ ಹುಡುಗನ ಎದುರು ಗೊತ್ತಿಲ್ಲ ಅನ್ನುವುದು ಹೇಗೆ.

"ಓ, ಗುಲಾಬಿಯಾ! ಪರೀಕ್ಷೆಯ ಹೊತ್ತಿಗೆ ಜ್ವರ ಬಂದಿತ್ತು ಮಾರಾಯ. ಹುಷಾರಿ ಹುಡುಗಿ, ಅದಕ್ಕೆ ಮುಂದಿನ ಕ್ಲಾಸಿಗೆ ಹಾಕಿದ್ದು. ಈಗ ಬೊಂಬಾಯಿಯಲ್ಲಿದ್ದಾಳೆ, ಗಂಡನದ್ದು ಹೋಟೆಲು."

ಒಳಗಿನಿಂದ ಸುಮತಿಯಮ್ಮ "ಅದು ಎಂಟನೇ ನಂಬರಿನ ಗುಲಾಬಿ, ಭಟ್ರ ತೋಟದ ಬದಿಯವಳು" ಎಂದು ಕೂಗಿದ್ದು ಪ್ರಜ್ವಲನಿಗೆ ಕೇಳಿಸಿತೋ ಇಲ್ಲವೋ, ಅವನು ಟೀ ಕುಡಿದು ಹೋದ. ಹೋಗುವ ಮೊದಲು ಇನ್ನೊಂದು ಪ್ರಶ್ನೆ ಕೇಳಿದ. ರಿಜಿಸ್ಟರಿನ ಮೇಲೆ ದಕ್ಷಿಣ ಕನ್ನಡ ಜಿಲ್ಲೆ ಅಂತ ಉಂಟಲ್ಲ, ಉಡುಪಿ ಅಂತ ಬದಲು ಮಾಡ್ಲಾ? ಮಾಸ್ಟ್ರು ಅದಕ್ಕೆ ಮಾತ್ರ ಸರಿಯಾದ ಉತ್ತರ ಕೊಟ್ಟರು. ಉಡುಪಿ ಜಿಲ್ಲೆಯಾದದ್ದು 1997ರಲ್ಲಿ, ಇದ್ದದ್ದು ಇದ್ದ ಹಾಗೇ ಇರಲಿ.

ಅವತ್ತು ರಾತ್ರಿ ಮಾಸ್ಟ್ರು ನಿದ್ದೆ ಮಾಡಲಿಲ್ಲ. ಆ ಕ್ಲಾಸನ್ನು ಬೆಂಚಿನ ಪ್ರಕಾರ ಜೋಡಿಸಿದರು. ಹುಡುಗರದ್ದು ಮೂರು ಸಾಲು, ಸಲೀಸಾಗಿ ಬಂತು. ಹುಡುಗಿಯರದ್ದು ಎರಡು. ಮುಂದಿನ ಬೆಂಚಿನ ಬುದ್ಧಿವಂತೆಯರು ಬಂದರು, ಹಿಂದಿನ ಬೆಂಚಿನ ಬಾಯಿಬಡುಕಿಯರೂ ಬಂದರು. ನಡುವಿನ ಬೆಂಚಿನ ಗೋಡೆ ಬದಿ ಖಾಲಿ.

ಪ್ರಜ್ವಲ ಅಷ್ಟರಲ್ಲಿ ಒಂದು ಕೆಲಸ ಮಾಡಿಬಿಟ್ಟಿದ್ದ. ಮಾಸ್ಟ್ರ ಮಾತು ಮುಗಿಯುವ ಮೊದಲೇ ಒಳಗಿನಿಂದ ಬೇರೆ ಮಾತು ಬಂದರೆ ಈಗಿನ ಹುಡುಗರಿಗೆ ಅನುಮಾನ ಬಾರದೇ ಇರುತ್ತದಾ? ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗ್ರೂಪಿಗೆ ಆ ಪುಟದ ಫೋಟೋ ಹಾಕಿ, "ಇವರು ಯಾರಿಗಾದರೂ ಗೊತ್ತಾ" ಎಂದು ಕೇಳಿದ್ದ. ಮೊದಲು ಎಂದಿನಂತೆ ಹೂವಿನ ಚಿತ್ರ, ಕೈ ಮುಗಿಯುವ ಚಿತ್ರ, ಮಾಸ್ಟ್ರ ಅಕ್ಷರಕ್ಕೆ ಹೊಗಳಿಕೆ. ಸಂಜೆಯ ಹೊತ್ತಿಗೆ ಒಬ್ಬ ಹುಡುಗ ಬರೆದ: "ಇದು ನಮ್ಮ ಅತ್ತೆ. ಡೈರಿಯ ಆಚೆ ಮನೆ. ಶಾಲೆಯ ಸರ್ಟಿಫಿಕೇಟಿಗೆ ಎರಡು ವರ್ಷದಿಂದ ಅಲೆಯುತ್ತಿದ್ದಾರೆ. ದಾಖಲೆಯೇ ಇಲ್ಲ ಅಂದಿದ್ದರು. ಈಗ ಎಲ್ಲಿ ಸಿಕ್ಕಿತು?"

ಡೈರಿಯ ಆಚೆ ಮನೆ! ಮಾಸ್ಟ್ರು ದಿನಾ ಹಾಲಿನ ಕ್ಯಾನು ಹಿಡಿದು ಹೋಗುವ ದಾರಿ. ಜಗಲಿಯ ಮೇಲೆ ಕಾಲು ಚಾಚಿ, ಮಡಿಲಲ್ಲಿ ತಡ್ಪೆ ಇಟ್ಟುಕೊಂಡು ಬೀಡಿ ಕಟ್ಟುವ ಹೆಂಗಸು ದಿನಾ ಒಮ್ಮೆ ತಲೆ ಎತ್ತುತ್ತಾಳೆ, ಇವರೂ ತಲೆ ಆಡಿಸುತ್ತಾರೆ. ಅಷ್ಟೇ.

ಮರುದಿನ ಹಾಲು ಕೊಟ್ಟು ಆ ಅಂಗಳಕ್ಕೆ ಇಳಿದರು.

"ಬನ್ನಿ ಮಾಸ್ಟ್ರೇ, ಕೂತ್ಕೊಳ್ಳಿ" ಎಂದಳು ಗುಲಾಬಿ, ಕೈ ನಿಲ್ಲಿಸದೆ. ನೆನೆಸಿ ಕತ್ತರಿಸಿದ ಎಲೆ ಎಡಗೈಯಲ್ಲಿ, ಹೊಗೆಸೊಪ್ಪಿನ ಪುಡಿ ಒಂದು ಚಿಟಿಕೆ, ಬೆರಳು ಒಮ್ಮೆ ಉರುಳಿತು, ಬಾಯಿ ಮಡಚಿ ಆಯಿತು, ನೂಲು ಎರಡು ಸುತ್ತು. ಮುಂದಿನ ಎಲೆ. ಅವಳು ಅದನ್ನು ನೋಡುತ್ತಲೂ ಇರಲಿಲ್ಲ, ಮಾಸ್ಟ್ರ ಮುಖ ನೋಡುತ್ತಿದ್ದಳು.

"ನೀನು ನನ್ನ ಕ್ಲಾಸಿನಲ್ಲಿ ಇದ್ದವಳು ಅಂತ ಒಂದು ದಿನವೂ ಹೇಳಲಿಲ್ಲ ಅಲ್ವಾ?"

"ನಿಮಗೆ ಎಲ್ಲರ ಗುರ್ತ ಉಂಟು ಅಂತ ಊರಲ್ಲೇ ಹೇಳ್ತಾರೆ. ಮತ್ತೆ ನಾನೆಂಥ ಹೇಳುವುದು?"

ಮಾಸ್ಟ್ರು ಕೆಮ್ಮಿದರು. ಪರೀಕ್ಷೆಯ ವಿಷಯ ಕೇಳಿದರು. ಜ್ವರ ಇತ್ತಾ?

"ಜ್ವರ ಎಂಥದ್ದೂ ಇಲ್ಲ. ಅಮ್ಮನಿಗೆ ಹೆರಿಗೆ ಹತ್ತಿರ ಆಗಿತ್ತು, ಕೂತು ಬೀಡಿ ಕಟ್ಲಿಕ್ಕೆ ಆಗ್ತಿರಲಿಲ್ಲ. ಬ್ರಾಂಚಿಗೆ ಲೆಕ್ಕ ಕೊಡ್ಬೇಕಲ್ಲ, ಆ ವಾರ ಪೂರ್ತಿ ನಾನೇ ಕಟ್ಟಿದ್ದು. ಅಪ್ಪ ಬಂದು ನಿಮ್ಮ ಹತ್ರ ಹೇಳಿದ್ರು. ನೀವು ಪಾಸ್ ಮಾಡ್ತೇನೆ, ಜೂನಲ್ಲಿ ಕಳಿಸಿ ಅಂದ್ರಂತೆ."

ಮಾಸ್ಟ್ರಿಗೆ ಸ್ವಲ್ಪ ಉಸಿರು ಬಂತು. ತಾನು ಒಳ್ಳೆಯದನ್ನೇ ಮಾಡಿದ್ದೇನೆ. ಅದು ಮರೆತಿದೆ ಅಷ್ಟೇ.

"ಮತ್ತೆ ನೀನು ಬರಲೇ ಇಲ್ಲ."

"ಬಂದಿದ್ದೆ." ನೂಲು ಕತ್ತರಿಸಿದಳು. "ಎರಡು ದಿನ ಬಂದಿದ್ದೆ. ಏಳನೇ ಕ್ಲಾಸಿನಲ್ಲಿ ಕೂತಿದ್ದೆ. ಹಾಜರಿ ಕರೆಯುವಾಗ ಗಣಪಯ್ಯ ಆಯ್ತು, ಆಮೇಲೆ ಗೋಪಿ. ನನ್ನ ಹೆಸರು ಬರಲಿಲ್ಲ. ಮರುದಿನವೂ ಬರಲಿಲ್ಲ. ಪಾಸ್ ಅಂತ ಅಪ್ಪ ಸುಮ್ನೆ ಹೇಳಿದ್ದು ಅಂತ ಗ್ರಹಿಸಿದೆ. ಮನೆಯಲ್ಲಿ ಮಗು ಇತ್ತು, ಎಲೆಯೂ ಇತ್ತು."

"ಕೇಳಬಾರದಿತ್ತಾ ನನ್ನ ಹತ್ರ?"

ಗುಲಾಬಿಗೆ ನಗು ಬಂತು. "ನಿಮ್ಮ ಹತ್ರವಾ? ಆಗ ನಿಮ್ಮ ಕೈಯಲ್ಲಿ ಬೆತ್ತ ಇರ್ತಿತ್ತು ಮಾಸ್ಟ್ರೇ."

ಆರನೇ ಕ್ಲಾಸಿನ ಪುಸ್ತಕದಿಂದ ಏಳನೆಯದಕ್ಕೆ ಹೆಸರು ಇಳಿಸುವಾಗ ಒಂದು ಸಾಲು ಬಿಟ್ಟುಹೋಗುವುದು ಎಷ್ಟು ಹೊತ್ತಿನ ಕೆಲಸ? ಮುಂದಿನ ಸಾಲಿಗೆ ಕಣ್ಣು ಜಾರಿದರೆ ಆಯಿತು. ಮಾಸ್ಟ್ರು ಬಾಯಿ ತೆರೆದರು, ಏನೋ ದೊಡ್ಡದು ಹೇಳಬೇಕೆಂದು. ಗುಲಾಬಿಗೆ ಅದಕ್ಕೆಲ್ಲ ಪುರುಸೊತ್ತು ಇರಲಿಲ್ಲ.

"ಅದು ಬಿಡಿ. ನನಗೆ ಈಗ ಹುಟ್ಟಿದ ತಾರೀಕು ಬೇಕು. ನಿಮ್ಮ ಪುಸ್ತಕದಲ್ಲಿ ಅರುವತ್ತಾರು ಅಂತ ಉಂಟಂತಲ್ಲ, ಹೌದಾ?"

ಸಂಗತಿ ಇಷ್ಟು. ಆಧಾರ್ ಮಾಡಿಸುವಾಗ ತಾರೀಕು ಗೊತ್ತಿಲ್ಲ ಅಂದದ್ದಕ್ಕೆ ಯಾರೋ 1-1-1970 ಎಂದು ಹೊಡೆದರು. ಅದನ್ನೇ ನೋಡಿ ಪಿಎಫ್‌ನಲ್ಲೂ ಹಾಗೇ ಬರೆಸಿದರು. ಪಿಂಚಣಿ ಸಿಗುವುದು ಐವತ್ತೆಂಟು ತುಂಬಿದ ಮೇಲೆ. ನಿಜವಾದ ಲೆಕ್ಕದಲ್ಲಿ ಅವಳಿಗೆ 2024ರ ಜೂನಿನಲ್ಲೇ ತುಂಬಿದೆ. ಕಾಗದದ ಲೆಕ್ಕದಲ್ಲಿ 2028ರವರೆಗೆ ಕಾಯಬೇಕು. ತಿದ್ದಿಸಲು ಆಧಾರ್ ಸಾಕಾಗುವುದಿಲ್ಲ, 2024ರ ಜನವರಿಯಿಂದ ಪಿಎಫ್‌ನವರು ಹುಟ್ಟಿದ ತಾರೀಕಿಗೆ ಅದನ್ನು ಒಪ್ಪುವುದನ್ನೇ ಬಿಟ್ಟಿದ್ದಾರೆ. ಶಾಲೆಯದ್ದು ಬೇಕು. ಶಾಲೆಯದ್ದನ್ನು ಗೆದ್ದಲು ತಿಂದಿದೆ.

"ಹನ್ನೊಂದು ವರ್ಷಕ್ಕೇ ಕಟ್ಲಿಕ್ಕೆ ಶುರು ಮಾಡಿದವಳಿಗೆ ಇನ್ನೂ ವಯಸ್ಸಾಗಲಿಲ್ಲ ಅಂತಾರೆ" ಎಂದು ಗುಲಾಬಿ ಹೇಳಿದಳು. ಸಿಟ್ಟಿನಿಂದ ಅಲ್ಲ, ಮಳೆ ಈ ಸಲ ತಡ ಅನ್ನುವ ಹಾಗೆ.

ಆಮೇಲಿನ ಎರಡು ವಾರ ಗೌರವಾಧ್ಯಕ್ಷರು ಮೊದಲ ಬಾರಿಗೆ ಕೆಲಸ ಮಾಡಿದರು. ಹೆಡ್ ಟೀಚರ್ ಪಾಪ ಹೊಸಬರು, ಮಾರ್ಕ್ಸ್ ರಿಜಿಸ್ಟರ್ ನೋಡಿ ಸರ್ಟಿಫಿಕೇಟ್ ಕೊಡಲು ಹೆದರಿದರು. ದಾಖಲಾತಿ ಪುಸ್ತಕ ಬೇಕು ಎಂದರು. ಮಾಸ್ಟ್ರು ದಾಖಲಾತಿ ಸಂಖ್ಯೆ ತೋರಿಸಿದರು. ಗೆದ್ದಲು ಬಿಟ್ಟ ಪುಟಗಳಲ್ಲಿ ಆ ಸಂಖ್ಯೆಯ ಹಿಂದು ಮುಂದಿನವರು ಸಿಗುತ್ತಾರಾ ಎಂದು ಪ್ರಜ್ವಲ ಹುಡುಕಿದ. ಮೂವರು ಸಿಕ್ಕರು, ಮೂವರದ್ದೂ ಸರಿ ಹೊಂದಿತು. ಶಿಕ್ಷಣಾಧಿಕಾರಿ ಕಚೇರಿಗೆ ಎರಡು ಸಲ ಹೋಗಿ ಬಂದದ್ದಾಯಿತು. ಅಲ್ಲಿನ ಕತೆ ಬರೆದರೆ ಇದರ ಎರಡರಷ್ಟಾದೀತು, ಬೇಡ. ಕೊನೆಗೆ ಸೀಲು ಬಿದ್ದ ಕಾಗದ ಕೈಗೆ ಬಂತು. ಗುಲಾಬಿ ಅದನ್ನು ಓದಿ, "ಅಪ್ಪನ ಹೆಸರು ತಿಮ್ಮ ಅಂತ ಮಾಡಿದ್ದಾರೆ. ತೋಮ" ಎಂದಳು. ಮತ್ತೊಮ್ಮೆ ಹೋಗಬೇಕಾಯಿತು.

ಶೀಟಿನಲ್ಲಿ ಹಳದಿ ಬಣ್ಣ ಹಾಗೇ ಇತ್ತು. ಪ್ರಜ್ವಲ ಫೋನ್ ಮಾಡಿ ಕೇಳಿದ, ಷರಾದಲ್ಲಿ ಏನು ಬರೆಯಲಿ?

"ಬರಿ. ಏಳನೇ ಕ್ಲಾಸಿಗೆ ಎರಡು ದಿನ ಬಂದಿದ್ದಾಳೆ. ಮಾಸ್ಟ್ರು ಹಾಜರಿ ಹಾಕಲಿಲ್ಲ."

"ಹಾಗೇ ಬರೀಲಾ? ಎಲ್ಲರೂ ನೋಡ್ತಾರೆ ಮಾಸ್ಟ್ರೇ."

"ನೋಡ್ಲಿ."

ಸೋಮವಾರ ಪಿಎಫ್ ಕಚೇರಿಗೆ ಹೋಗುವುದೆಂದಾಯಿತು. ಬರುವುದು ಬೇಡ, ನಾನೊಬ್ಬಳೇ ಹೋಗ್ತೇನೆ ಅಂದಳು ಗುಲಾಬಿ. ಮಾಸ್ಟ್ರು ಕೇಳಲಿಲ್ಲ, ಮೂಲ ರಿಜಿಸ್ಟರನ್ನೇ ಚೀಲದಲ್ಲಿ ಹಾಕಿಕೊಂಡು ಬಸ್ ಸ್ಟಾಪಿನಲ್ಲಿ ನಿಂತಿದ್ದರು. ಶಿರ್ವದಿಂದ ಬರುವ ಖಾಸಗಿ ಬಸ್ಸು, ಎಂದಿನಂತೆ ತುಂಬಿತ್ತು. ಗುಲಾಬಿಗೆ ಮುಂದೆ ಸೀಟು ಸಿಕ್ಕಿತು. ಮಾಸ್ಟ್ರು ಕಂಬಿ ಹಿಡಿದು ನಿಂತರು.

ಕಂಡಕ್ಟರ್ ಕೂಡ ಹಳೆ ವಿದ್ಯಾರ್ಥಿಯೇ, ತೊಂಬತ್ತೊಂದರ ಬ್ಯಾಚು, ಮಗ್ಗಿ ಹನ್ನೆರಡರ ಮೇಲೆ ಬರುತ್ತಿರಲಿಲ್ಲ.

"ಉಡುಪಿಗಾ? ಇಬ್ಬರೂ ಒಟ್ಟಿಗಾ ಮಾಸ್ಟ್ರೇ?"

ಮಾಸ್ಟ್ರು ಉತ್ತರ ಕೊಡುವ ಮೊದಲೇ ಗುಲಾಬಿ ತಿರುಗಿ ಹೇಳಿದಳು.

"ಒಟ್ಟಿಗೇ. ಎರಡೂ ಟಿಕೆಟಿನ ದುಡ್ಡು ಅವರ ಹತ್ರ ತಗೊಳ್ಳಿ."