ಮಾಸ್ಟರ್ ಬಜೆಟ್: ಕೊಪ್ಪಳದ ನಮ್ಮ ಬಟ್ಟೆ ಅಂಗಡಿ, ಅಕ್ಟೋಬರ್–ಡಿಸೆಂಬರ್ 2026

ಎಲ್ಲ ಅಂಕಿ ಸಾವಿರ ರೂಪಾಯಿಗಳಲ್ಲಿವೆ. ಜಿಎಸ್‌ಟಿ ಸೇರಿಸಿಲ್ಲ.

ಮೊದಲು ಮಾರಾಟ

ಈ ಸಲ ದಸರಾ ಅಕ್ಟೋಬರ್‌ನಲ್ಲಿ, ದೀಪಾವಳಿ ನವೆಂಬರ್‌ನಲ್ಲಿ. ಡಿಸೆಂಬರ್ ಸ್ವಲ್ಪ ಮಂದ. ಜನವರಿಯಲ್ಲಿ ಗವಿಸಿದ್ಧೇಶ್ವರ ಜಾತ್ರೆ, ಮತ್ತೆ ವ್ಯಾಪಾರ ಏರುತ್ತದೆ. ಅಂದಾಜು: ಸೆಪ್ಟೆಂಬರ್ 400, ಅಕ್ಟೋಬರ್ 800, ನವೆಂಬರ್ 1,000, ಡಿಸೆಂಬರ್ 500, ಜನವರಿ 600.

ಖರೀದಿ ಬಜೆಟ್

ಮಾಲಿನ ಅಸಲು ಮಾರಾಟದ ಶೇ. 70. ತಿಂಗಳ ಕೊನೆಗೆ, ಮುಂದಿನ ತಿಂಗಳ ಅಸಲಿನ ಅರ್ಧದಷ್ಟು ಮಾಲು ಅಂಗಡಿಯಲ್ಲಿ ಇರಲೇಬೇಕು. ಹಬ್ಬದ ವಾರದಲ್ಲಿ ಸೈಜ್ ಇಲ್ಲ ಅಂದರೆ ಗಿರಾಕಿ ಪಕ್ಕದ ಅಂಗಡಿ ಹತ್ತುತ್ತಾರೆ.

| | ಅಕ್ಟೋಬರ್ | ನವೆಂಬರ್ | ಡಿಸೆಂಬರ್ |
|---|---|---|---|
| ಮಾರುವ ಮಾಲಿನ ಅಸಲು | 560 | 700 | 350 |
| ಕೊನೆಗೆ ಬೇಕಾದ ಸ್ಟಾಕ್ (+) | 350 | 175 | 210 |
| ಮೊದಲೇ ಇರುವ ಸ್ಟಾಕ್ (−) | 280 | 350 | 175 |
| ಖರೀದಿ | 630 | 525 | 385 |

ನೋಡಿ, ಮಾರಾಟ ಜಾಸ್ತಿ ನವೆಂಬರ್‌ನಲ್ಲಿ, ಖರೀದಿ ಜಾಸ್ತಿ ಅಕ್ಟೋಬರ್‌ನಲ್ಲಿ. ತೊಂದರೆ ಶುರುವಾಗುವುದೇ ಇಲ್ಲಿ. ಇದೇ ಲೆಕ್ಕದಲ್ಲಿ ಸೆಪ್ಟೆಂಬರ್ ಖರೀದಿ 420.

ಬರುವುದು, ಹೋಗುವುದು

ಮಾರಾಟದಲ್ಲಿ ಶೇ. 70 ಕೈಗೆ ಬರುತ್ತದೆ (ಫೋನ್‌ಪೇ ಸೇರಿ), ಶೇ. 30 ಉದ್ರಿ ಮುಂದಿನ ತಿಂಗಳು. ಅಕ್ಟೋಬರ್‌ಗೆ: 560 + ಸೆಪ್ಟೆಂಬರ್ ಉದ್ರಿ 120 = 680.

ಖರೀದಿಯಲ್ಲಿ ಬಳ್ಳಾರಿ ಜೀನ್ಸ್‌ಗೆ ನಗದು, ಸೂರತ್ ಸೀರೆಗೆ ಒಂದು ತಿಂಗಳ ವಾಯಿದೆ. ಹಾಗಾಗಿ ಶೇ. 40 ಈ ತಿಂಗಳು, ಶೇ. 60 ಮುಂದಿನ ತಿಂಗಳು. ಅಕ್ಟೋಬರ್‌ಗೆ: 252 + 252 = 504.

ನಗದು ಬಜೆಟ್

| | ಅಕ್ಟೋಬರ್ | ನವೆಂಬರ್ | ಡಿಸೆಂಬರ್ |
|---|---|---|---|
| ಆರಂಭದ ನಗದು | 60 | 56 | 116.7 |
| ವಸೂಲಿ | 680 | 940 | 650 |
| ಮಾಲಿನವರಿಗೆ | −504 | −588 | −469 |
| ಬಾಡಿಗೆ, ಸಂಬಳ, ಕರೆಂಟ್ | −120 | −120 | −90 |
| ಮನೆ ಖರ್ಚಿಗೆ | −40 | −40 | −40 |
| ಹೊಸ ರ‍್ಯಾಕ್ | −150 | – | – |
| ಬ್ಯಾಂಕಿನ ಓಡಿ ಸಾಲ | +130 | −130 | – |
| ಬಡ್ಡಿ, ತಿಂಗಳಿಗೆ ಶೇ. 1 | – | −1.3 | – |
| ಕೊನೆಯ ನಗದು | 56 | 116.7 | 167.7 |

ಗಲ್ಲಾದಲ್ಲಿ ಯಾವಾಗಲೂ ಕನಿಷ್ಠ 50 ಇರಬೇಕು. ಸಾಲ ಇಲ್ಲದಿದ್ದರೆ ಅಕ್ಟೋಬರ್‌ಗೆ 74 ಕಡಿಮೆ ಬೀಳುತ್ತದೆ. ಗಲ್ಲಾದ 50 ಸೇರಿಸಿದರೆ 124 ಬೇಕು, ಅದಕ್ಕೇ 130. ಸವಕಳಿ ತಿಂಗಳಿಗೆ 10. ಅದು ಕೈಯಿಂದ ಹೋಗುವ ದುಡ್ಡಲ್ಲ, ಇಲ್ಲಿ ಬರುವುದಿಲ್ಲ.

ಲಾಭದ ಲೆಕ್ಕದಲ್ಲಿ ಮಾತ್ರ ಅದನ್ನು ಕಳೆಯಬೇಕು. ಮೂರು ತಿಂಗಳ ಮಾರಾಟ 2,300, ಅಸಲು ಕಳೆದರೆ 690; ಅದರಲ್ಲಿ ಖರ್ಚು, ಸವಕಳಿ, ಬಡ್ಡಿ ಕಳೆದರೆ: 690 − 330 − 30 − 1.3 = 328.7. ಅಕ್ಟೋಬರ್ ಒಂದರಲ್ಲೇ ಲಾಭ 110. ಲಾಭ ಇರುವ ತಿಂಗಳಲ್ಲೇ ಸಾಲ, ವಿಚಿತ್ರ ಅಲ್ವಾ?

ನನ್ನ ಭಯ ಬಡ್ಡಿಯದಲ್ಲ, ಉದ್ರಿಯದು. ರೈತ ಗಿರಾಕಿಗಳಿಗೆ ಹತ್ತಿ ದುಡ್ಡು ತಡವಾಗಿ, ನವೆಂಬರ್‌ನಲ್ಲಿ ಬರಬೇಕಾದ 240ರಲ್ಲಿ ಅರ್ಧ ನಿಂತರೆ, ಓಡಿಯಲ್ಲಿ ಸುಮಾರು 53 ಹಾಗೇ ಉಳಿಯುತ್ತದೆ.

ರ‍್ಯಾಕ್‌ನ 150 ಅನ್ನು ನವೆಂಬರ್‌ಗೆ ತಳ್ಳಿದರೆ ಅಕ್ಟೋಬರ್ 76ಕ್ಕೆ, ನವೆಂಬರ್ 118ಕ್ಕೆ ಮುಗಿಯುತ್ತದೆ, ಓಡಿ ಬೇಡವೇ ಬೇಡ. ರ‍್ಯಾಕ್ ಹಬ್ಬಕ್ಕೆ ಮುಂಚೆಯೇ ಬೇಕು. ಕೆಲಸ ಈಗ, ದುಡ್ಡು ದೀಪಾವಳಿ ಮೇಲೆ ಅಂತ ವೆಲ್ಡಿಂಗ್ ಅಂಗಡಿಯವರನ್ನು ಈ ವಾರವೇ ಕೇಳೋಣ. ಅವರು ಒಪ್ಪದಿದ್ದರೆ ಮಾತ್ರ ಬ್ಯಾಂಕಿಗೆ.