ನಾನೂಕ್ ಆಫ್ ದಿ ನಾರ್ತ್: ಸಾಕ್ಷ್ಯಚಿತ್ರ ಪ್ರದರ್ಶನದ ಪ್ರಶ್ನೆಗಳು

ಬಿ.ಎ. ಪತ್ರಿಕೋದ್ಯಮ, ನಾಲ್ಕನೇ ಸೆಮಿಸ್ಟರ್
ಶನಿವಾರ ಬೆಳಿಗ್ಗೆ 10 ಗಂಟೆಗೆ, ಸೆಮಿನಾರ್ ಹಾಲ್

ಚಿತ್ರ 1922ರದ್ದು, ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ. ಕೆನಡಾದ ಹಡ್ಸನ್ ಕೊಲ್ಲಿಯ ದಂಡೆಯಲ್ಲಿ, ಇನುಯಿಟ್ ಜನರ ನಡುವೆ ಚಿತ್ರೀಕರಿಸಿದ್ದು. ಸುಮಾರು 79 ನಿಮಿಷ, ಮೂಕಿ. ನಿಮಗೆ ಕೇಳಿಸುವ ಸಂಗೀತ ಎಷ್ಟೋ ವರ್ಷಗಳ ನಂತರ ಸೇರಿಸಿದ್ದು. ಹಾಗಾಗಿ ನಡುವೆ ಐದು ನಿಮಿಷ ದನಿ ಪೂರ್ತಿ ನಿಲ್ಲಿಸುತ್ತೇನೆ, ಕೇಬಲ್ ಕಿತ್ತುಹೋಯಿತು ಅಂತ ಕೂಗಬೇಡಿ.

ಒಂದು ಷರತ್ತು. ಈ ಚಿತ್ರದ ಬಗ್ಗೆ ಮೊದಲೇ ಏನೂ ಓದಿಕೊಂಡು ಬರಬೇಡಿ. ಚಿತ್ರ ಮುಗಿಯುವವರೆಗೆ ಈ ಹಾಳೆಯ ಹಿಂಬದಿ ನೋಡಬೇಡಿ. ಮುಂಬದಿಯ ಉತ್ತರಗಳನ್ನು ಪೆನ್ನಿನಲ್ಲೇ ಬರೆಯಿರಿ. ಆಮೇಲೆ ತಿದ್ದುವ ಆಸೆ ಬರುತ್ತದೆ, ತಿದ್ದಬೇಡಿ. ನನಗೆ ಬೇಕಾಗಿರುವುದು ಆ ಮೊದಲ ಉತ್ತರವೇ.

ಮುಂಬದಿ: ನೋಡುವಾಗ

1. ಚಿತ್ರ ಶುರುವಾಗುವುದು ಬರಹದಿಂದ. ಆ ಬರಹದಲ್ಲಿ 'ನಾನು' ಎನ್ನುವವರು ಯಾರು? ನಾನೂಕ್‌ಗೆ ಕೊನೆಗೆ ಏನಾಯಿತು ಎಂದು ಅಲ್ಲಿ ಹೇಳಿದೆ. ಅವನ ಮುಖ ನೋಡುವ ಮೊದಲೇ ಅವನ ಸಾವಿನ ಸುದ್ದಿ ನಿಮಗೆ ಗೊತ್ತಾಗಿಬಿಟ್ಟಿತು. ಮುಂದೆ ಅವನು ನಕ್ಕಾಗ ನಿಮಗೆ ಏನನಿಸಿತು?

2. ಕಯಾಕ್ ದಡಕ್ಕೆ ಬರುತ್ತದೆ. ನಾನೂಕ್ ಇಳಿಯುತ್ತಾನೆ. ಆಮೇಲೆ ಅದೇ ಪುಟ್ಟ ದೋಣಿಯೊಳಗಿಂದ ಒಬ್ಬೊಬ್ಬರಾಗಿ ಇಡೀ ಸಂಸಾರ, ಕೂಸು ಮತ್ತು ನಾಯಿಮರಿ ಸಮೇತ, ಹೊರಗೆ ಬರುತ್ತದೆ. ಇಲ್ಲಿ ನೀವು ನಕ್ಕಿರಾ? ನಕ್ಕಿದ್ದರೆ ಯಾರನ್ನು ನೋಡಿ? ಅಷ್ಟೂ ಜನ ಅದರಲ್ಲಿ ಹಿಡಿಸುತ್ತಾರಾ, ಅಥವಾ ನಡುವೆ ಎಲ್ಲಾದರೂ ಕಟ್ ಇರಬಹುದಾ? ಅನುಮಾನ ಬಂದ ಜಾಗವನ್ನು ನಿಮಿಷ, ಸೆಕೆಂಡ್ ಸಮೇತ ಬರೆಯಿರಿ.

3. ವ್ಯಾಪಾರಿಯ ಅಂಗಡಿಯ ದೃಶ್ಯ. ಗ್ರಾಮಫೋನ್ ಹಾಡುತ್ತದೆ, ನಾನೂಕ್ ಬೆರಗಾಗಿ ನೋಡುತ್ತಾನೆ, ಆಮೇಲೆ ತಟ್ಟೆಯನ್ನು ಬಾಯಿಗೆ ಹಾಕಿ ಕಚ್ಚುತ್ತಾನೆ. ಮೂರು ವಿಷಯ ಗಮನಿಸಿ. ಕ್ಯಾಮೆರಾ ಯಾರ ಕಡೆ ಮುಖ ಮಾಡಿದೆ? ನಾನೂಕ್ ಯಾರ ಕಡೆ ನೋಡಿ ನಗುತ್ತಾನೆ? ವ್ಯಾಪಾರಿ ಫ್ರೇಮಿನಲ್ಲಿ ಎಲ್ಲಿದ್ದಾನೆ, ಅವನ ವ್ಯಾಪಾರದ ಲೆಕ್ಕ ಎಲ್ಲಾದರೂ ಕಾಣಿಸಿತಾ? ಇದು ಇಡೀ ಚಿತ್ರದಲ್ಲಿ ನನಗೆ ಅತಿ ಮುಖ್ಯ ಎನಿಸುವ ದೃಶ್ಯ. ಅರ್ಧ ಪುಟಕ್ಕೆ ಕಡಿಮೆ ಬರೆದರೆ ವಾಪಸ್ ಕೊಡುತ್ತೇನೆ.

4. ಇಗ್ಲೂ ಕಟ್ಟುವ ದೃಶ್ಯವನ್ನು ಶಾಟ್ ಶಾಟ್ ಆಗಿ ಪಟ್ಟಿ ಮಾಡಿ. ಮಂಜುಗಡ್ಡೆಯ ಕಿಟಕಿ ಕೂರಿಸುವುದು, ಬೆಳಕು ಒಳಗೆ ಬೀಳಲಿ ಎಂದು ಪಕ್ಕದಲ್ಲಿ ಹಿಮದ ತುಂಡು ನಿಲ್ಲಿಸುವುದು, ಇವು ಬಿಟ್ಟುಹೋಗಬಾರದು. ನಂತರ ಒಳಗಿನ ದೃಶ್ಯ ಬರುತ್ತದೆ. ಅಲ್ಲಿ ಕ್ಯಾಮೆರಾ ಎಷ್ಟು ದೂರ ನಿಂತಿದೆ? ಬೆಳಕು ಯಾವ ಕಡೆಯಿಂದ ಬರುತ್ತಿದೆ? ಹೊರಗಿನಿಂದ ಕಂಡ ಇಗ್ಲೂಗೂ ಒಳಗಿನ ಜಾಗಕ್ಕೂ ಅಳತೆ ಕೂಡಿಬರುತ್ತದಾ?

5. ಸೀಲ್ ಬೇಟೆ. ಮಂಜಿನ ತೂತಿನಿಂದ ಹಗ್ಗ, ಆ ಕಡೆ ಸೀಲ್, ಈ ಕಡೆ ನಾನೂಕ್. ಎಳೆದಾಟ, ಬೀಳುವುದು, ಏಳುವುದು. ಸೀಲ್ ಮೊದಲು ನಿಮ್ಮ ಕಣ್ಣಿಗೆ ಬಿದ್ದದ್ದು ಯಾವಾಗ? ಅದು ಕಾಣುವ ಮೊದಲೇ ಅದು ಅಲ್ಲಿದೆ ಎಂದು ಹೇಗೆ ನಂಬಿದಿರಿ?

6. ಕೊನೆಯ ಕೆಲವು ನಿಮಿಷ: ಹೊರಗೆ ಹಿಮಗಾಳಿಯಲ್ಲಿ ನಾಯಿಗಳು, ಒಳಗೆ ಮಲಗಿದ ಸಂಸಾರ. ಎಷ್ಟು ಸಲ ಒಳಗೆ, ಎಷ್ಟು ಸಲ ಹೊರಗೆ? ಎರಡೂ ಒಂದೇ ರಾತ್ರಿ ನಡೆದದ್ದು ಎಂದು ನಿಮಗೆ ಹೇಳಿದ್ದು ಯಾರು?

ಹಿಂಬದಿ: ನೋಡಿದ ಮೇಲೆ

ಈಗ ಓದಿ. ನಾನೂಕ್ ಎಂಬ ಹೆಸರು ಚಿತ್ರಕ್ಕಾಗಿ ಇಟ್ಟದ್ದು. ಆ ಮನುಷ್ಯನ ಹೆಸರು ಅಲ್ಲಕರಿಯಲ್ಲಕ್. ಹೆಂಡತಿಯಾಗಿ ಕಾಣಿಸಿದ ನೈಲಾ ಅವನ ಹೆಂಡತಿಯಲ್ಲ. ಇಗ್ಲೂ ಒಳಗೆ ಬೆಳಕು ಸಾಲದೆ, ದೊಡ್ಡದೊಂದನ್ನು ಕಟ್ಟಿಸಿ ಒಂದು ಪಕ್ಕ ಕತ್ತರಿಸಿ ತೆಗೆದಿದ್ದರು. ಸಂಸಾರ ನಿಜಕ್ಕೂ ಚಳಿಯಲ್ಲೇ ಕೂತಿತ್ತು. ಸೀಲ್ ದೃಶ್ಯದಲ್ಲಿ ಹಗ್ಗದ ಇನ್ನೊಂದು ತುದಿ ಕ್ಯಾಮೆರಾಗೆ ಕಾಣದಂತೆ ನಿಂತವರ ಕೈಯಲ್ಲಿತ್ತು. ಆ ಜನ ಅಷ್ಟರಲ್ಲಾಗಲೇ ಬಂದೂಕು ಬಳಸುತ್ತಿದ್ದರು, ಗ್ರಾಮಫೋನ್ ಅವರಿಗೆ ಹೊಸದೇನಲ್ಲ. ಅಲ್ಲಕರಿಯಲ್ಲಕ್ ಸತ್ತದ್ದು ಹಸಿವಿನಿಂದಲ್ಲ, ಮನೆಯಲ್ಲಿ, ಬಹುಶಃ ಕ್ಷಯದಿಂದ. ಚಿತ್ರಕ್ಕೆ ದುಡ್ಡು ಹಾಕಿದ್ದು ರೆವಿಯೋನ್ ಫ್ರೆರ್ ಎಂಬ ತುಪ್ಪಳದ ಕಂಪನಿ. ಅಂಗಡಿಯ ದೃಶ್ಯವನ್ನು ಈಗ ಮತ್ತೆ ನೆನಪಿಸಿಕೊಳ್ಳಿ.

"ಹಾಗಾದರೆ ಎಲ್ಲಾ ಸುಳ್ಳು ಸರ್" ಎಂದು ಒಬ್ಬರಾದರೂ ಹೇಳುತ್ತೀರಿ. ಅಷ್ಟಕ್ಕೇ ನಿಲ್ಲಿಸಿದರೆ ಅಂಕ ಇಲ್ಲ. ಹಿಮದ ತುಂಡು ಕತ್ತರಿಸುವ ಕೈ ನಿಜ, ವಾಲ್ರಸ್ ನಿಜ, ಚಳಿ ನಿಜ. ಇನುಯಿಟ್ ಜನ ಬರೀ ನಟಿಸಲಿಲ್ಲ, ಚಿತ್ರೀಕರಣದ ಕೆಲಸದಲ್ಲೂ ಕೈಜೋಡಿಸಿದ್ದರು. ಫ್ಲಾಹರ್ಟಿ ತೆಗೆದ ಫುಟೇಜ್ ಅನ್ನು ಅಲ್ಲೇ ತೊಳೆದು ಅವರಿಗೆ ತೋರಿಸುತ್ತಿದ್ದ. ಅವನು ಮೊದಲು ತೆಗೆದಿದ್ದ ಚಿತ್ರದ ನೆಗೆಟಿವ್ 1916ರಲ್ಲಿ ಅವನದೇ ಸಿಗರೇಟಿನ ಬೆಂಕಿಗೆ ಸುಟ್ಟುಹೋಯಿತು. ಒಂದು ಸಂಸಾರವನ್ನೇ ಹಿಡಿದು ಕಥೆ ಹೇಳಬೇಕು ಎಂಬ ಯೋಚನೆ ಗಟ್ಟಿಯಾದದ್ದು ಅದರ ನಂತರ. ಒಂದು ವಿಷಯ ಮಾತ್ರ ನನಗೆ ಸುಲಭವಾಗಿ ಜೀರ್ಣವಾಗುವುದಿಲ್ಲ. ನೈಲಾಗೆ ಫ್ಲಾಹರ್ಟಿಯಿಂದ ಮಗನೊಬ್ಬ ಹುಟ್ಟಿದ, ಫ್ಲಾಹರ್ಟಿ ಅಲ್ಲಿಗೆ ಮರಳಲೇ ಇಲ್ಲ.

7. ಮೇಲಿನ ಮಾತುಗಳನ್ನು ಓದಿದ ಮೇಲೆ, ಮುಂಬದಿಯ ಯಾವ ಉತ್ತರ ಬಿದ್ದುಹೋಯಿತು, ಯಾವುದು ಹಾಗೇ ನಿಂತಿತು? ನಿಂತದ್ದು ಯಾಕೆ ನಿಂತಿತು ಎಂದು ಜಾಸ್ತಿ ಬರೆಯಿರಿ.

8. ಇಗ್ಲೂ ಪಕ್ಕ ಕತ್ತರಿಸಿದ್ದು ಮತ್ತು ನೈಲಾಳನ್ನು ಹೆಂಡತಿ ಎಂದದ್ದು, ಎರಡೂ ಒಂದೇ ಬಗೆಯ ತಪ್ಪಾ? ನನ್ನ ಪ್ರಕಾರ ಅಲ್ಲ. ಬೆಳಕಿಲ್ಲದೆ ಫಿಲ್ಮ್ ಮೇಲೆ ಏನೂ ಮೂಡುತ್ತಿರಲಿಲ್ಲ. ಹೆಂಡತಿಯ ವಿಷಯಕ್ಕೆ ಆ ನೆಪ ಇಲ್ಲ. ಒಪ್ಪದಿದ್ದರೆ ವಾದಿಸಿ, ಬೇಸರವಿಲ್ಲ.

9. ತುಪ್ಪಳದ ಕಂಪನಿಯ ದುಡ್ಡು ಎಂದು ಗೊತ್ತಾಯಿತು. ಚಿತ್ರದಲ್ಲಿ ಅದರ ಗುರುತು ಎಲ್ಲಿದೆ? ಹುಡುಗನಿಗೆ ಬಿಸ್ಕತ್ತು, ಹರಳೆಣ್ಣೆ ಕೊಟ್ಟು ನೋಡಿಕೊಂಡವರು ಯಾರು? ತುಪ್ಪಳದ ಬೆಲೆ ಕಟ್ಟಿದವರು ಯಾರು?

10. ಈ ಚಿತ್ರದಲ್ಲಿ ಮಾತಾಡುವುದು ಟೈಟಲ್ ಕಾರ್ಡ್‌ಗಳು ಮಾತ್ರ. ಯಾವುದಾದರೂ ಮೂರು ಕಾರ್ಡ್ ತೆಗೆದುಕೊಳ್ಳಿ. ಅದೇ ಶಾಟ್‌ಗಳಿಗೆ ಅಲ್ಲಕರಿಯಲ್ಲಕ್ ತಾನೇ ಬರೆದಿದ್ದರೆ ಹೇಗಿರುತ್ತಿತ್ತು? ಬರೆಯಿರಿ. ಆಮೇಲೆ ಇನ್ನೊಂದು ಸಾಲು: ಅವನ ಬಾಯಿಗೆ ನೀವು ಮಾತು ತುರುಕಿದ್ದೂ ಫ್ಲಾಹರ್ಟಿ ಮಾಡಿದ ಕೆಲಸವೇ ಅಲ್ವಾ?

11. ಈಗ ನಮ್ಮೂರಿಗೆ ಬನ್ನಿ. 2020ರಲ್ಲಿ ಥಿಯೇಟರಿಗೆ ಬಂದ 'ವೈಲ್ಡ್ ಕರ್ನಾಟಕ' ನಮ್ಮ ಅರಣ್ಯ ಇಲಾಖೆಯ ಜೊತೆಗೂಡಿ ಮಾಡಿದ್ದು. ಇಂಗ್ಲಿಷಿನಲ್ಲಿ ಡೇವಿಡ್ ಅಟೆನ್‌ಬರೋ ದನಿ, ಕನ್ನಡದಲ್ಲಿ ರಿಷಬ್ ಶೆಟ್ಟಿ ದನಿ. ಯಾವುದಾದರೂ ಒಂದು ಪ್ರಾಣಿಯ ದೃಶ್ಯವನ್ನು ಎರಡೂ ದನಿಯಲ್ಲಿ ಕೇಳಿ. ಪ್ರಾಣಿ ಅದೇ, ಕಟ್ ಅದೇ. ನಿಮ್ಮ ನಿಲುವು ಎಲ್ಲಿ ಬದಲಾಯಿತು? ಕಾಡಿನೊಳಗೆ ಬಿಡುವ ಅಧಿಕಾರ ಇಲಾಖೆಯ ಕೈಯಲ್ಲಿರುವಾಗ, ಕಾಡಿನ ಅಂಚಿನ ರೈತನ ಮಾತಿಗೆ ಎಷ್ಟು ಜಾಗ ಇರಬೇಕು? ಇದ್ದರೆ ಅದು ಇನ್ನೊಂದು ಚಿತ್ರವೇ ಆಗಿಬಿಡುತ್ತದಾ?

12. ಕೈಕೆಲಸ, ಇಬ್ಬರಿಬ್ಬರು ಸೇರಿ. ಕ್ಯಾಂಟೀನಿನಲ್ಲಿ ದೋಸೆ ಹುಯ್ಯುವವರನ್ನು ಕೇಳಿಕೊಂಡು, ಅವರು ಒಪ್ಪಿದರೆ ಮಾತ್ರ, ಮೊಬೈಲ್‌ನಲ್ಲಿ ಹತ್ತು ಶಾಟ್ ತೆಗೆಯಿರಿ. ಅದರಿಂದ ಒಂದು ನಿಮಿಷದ ಎರಡು ಎಡಿಟ್ ಮಾಡಿ. ಒಂದರಲ್ಲಿ ಅವರು ಕೈಚಳಕದ ಬಾಣಸಿಗ, ಇನ್ನೊಂದರಲ್ಲಿ ದುಡಿದು ಸುಸ್ತಾದ ಕೂಲಿ. ಹೊಸ ಶಾಟ್ ಸೇರಿಸುವಂತಿಲ್ಲ, ಕ್ರಮ ಮತ್ತು ಉದ್ದ ಬದಲಿಸಬಹುದು. ಎರಡನ್ನೂ ಮೊದಲು ಅವರಿಗೇ ತೋರಿಸಿ, ಅವರು ಏನೆಂದರು ಎಂದು ಅವರ ಮಾತಲ್ಲೇ ಬರೆದುಕೊಳ್ಳಿ. "ಇದು ಬೇಡ" ಎಂದರೆ ಅಳಿಸಿ, ಯಾಕೆ ಬೇಡ ಎಂದರು ಎಂದು ಬರೆದು ಕೊಟ್ಟರೂ ಪೂರ್ತಿ ಅಂಕ.

ಉತ್ತರ ಹಾಳೆ, ವೀಡಿಯೊ ಎರಡೂ ಮುಂದಿನ ಗುರುವಾರ ಮಧ್ಯಾಹ್ನದೊಳಗೆ. ಮಧ್ಯಾಹ್ನ 12ರಿಂದ 2ರವರೆಗೆ ಕ್ಯಾಂಟೀನಿನಲ್ಲಿ ಗದ್ದಲ ಜಾಸ್ತಿ, ಆ ಹೊತ್ತಲ್ಲಿ ಮೊಬೈಲ್ ಹಿಡಿದು ಒಲೆಯ ಹತ್ತಿರ ನಿಲ್ಲಬೇಡಿ.