ಜಾಮೀನಿನ ವಿಷಯ

ಬೇಲೂರು
ಗುರುವಾರ ರಾತ್ರಿ

ಮಂಜು ಸರ್,

ವಿಷಯ ಮೊದಲೇ ಹೇಳಿಬಿಡುತ್ತೇನೆ. ಸೊಸೈಟಿ ಸಾಲಕ್ಕೆ ಜಾಮೀನು ಹಾಕಲು ನನ್ನಿಂದ ಆಗುವುದಿಲ್ಲ. ದಯವಿಟ್ಟು ಬೇಜಾರು ಮಾಡಿಕೊಳ್ಳಬೇಡಿ ಅಂತ ಬರೆದೆ, ಆಮೇಲೆ ಹೊಡೆದು ಹಾಕಿದೆ. ಬೇಜಾರು ಆಗಿಯೇ ಆಗುತ್ತದೆ. ಕೇಳಿದವರಿಗೆ ಇಲ್ಲ ಅಂದರೆ ಯಾರಿಗೆ ಆಗುವುದಿಲ್ಲ ಹೇಳಿ?

ವಾಟ್ಸ್ಯಾಪ್‌ನಲ್ಲಿ ಎರಡು ಸಾಲು ಹಾಕಿ ಕೈ ತೊಳೆದುಕೊಳ್ಳಬಹುದಿತ್ತು. 11 ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ, ಒಂದೇ ಬಸ್ಸಿನಲ್ಲಿ ಓಡಾಡಿದವರಿಗೆ ಹಾಗೆ ಮಾಡಲು ಮನಸ್ಸು ಬರಲಿಲ್ಲ. ಅದಕ್ಕೇ ಈ ಕಾಗದ.

ತಪ್ಪು ನನ್ನಿಂದಲೇ ಶುರುವಾಗಿದ್ದು. ಸೋಮವಾರ ನೀವು ಕೇಳಿದಾಗ "ನೋಡೋಣ ಸರ್" ಅಂದೆ. ನಮ್ಮ ಕಡೆ "ನೋಡೋಣ" ಅಂದರೆ ಮುಕ್ಕಾಲು ಪಾಲು "ಆಯ್ತು" ಅಂತಲೇ ಲೆಕ್ಕ. ಬೆಲ್ ಹೊಡೆದಿತ್ತು, ಎಂಟನೇ ಕ್ಲಾಸಿಗೆ ಹೋಗಬೇಕಿತ್ತು, ಮುಖ ನೋಡಿಕೊಂಡು ಇಲ್ಲ ಅನ್ನಲು ಬಾಯಿ ಬರಲಿಲ್ಲ. ಮರುದಿನ ನೀವು ಫಾರಂನಲ್ಲಿ ನನ್ನ ಹೆಸರು ತುಂಬಿಕೊಂಡು ಬಂದಿರಿ, ಸಂಬಳದ ಸ್ಲಿಪ್ ಕೇಳಿದಿರಿ. "ಮನೇಲಿದೆ, ತರ್ತೀನಿ" ಅಂದೆ. ಸ್ಲಿಪ್ ನನ್ನ ಫೋನಿನಲ್ಲೇ ಇತ್ತು. ಹಾಗೆ ಮೂರು ದಿನ ನಿಮ್ಮನ್ನು ಸುಮ್ನೆ ನಂಬಿಸಿಟ್ಟಿದ್ದಕ್ಕೆ ಕ್ಷಮಿಸಿ. ಸೊಸೈಟಿ ಮೀಟಿಂಗು ಮುಂದಿನ ಬುಧವಾರ ಅಂದಿದ್ದಿರಿ. ಇವತ್ತಾದರೂ ಹೇಳಿದರೆ ಬೇರೆ ದಾರಿ ಹುಡುಕಲು ಐದಾರು ದಿನ ಸಿಗುತ್ತದೆ ಅಂತ ಕೂತು ಬರೆಯುತ್ತಿದ್ದೇನೆ.

"ನಮ್ಮ ಯಜಮಾನರು ಬೇಡ ಅಂದ್ರು" ಅಂತ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ನೀವೂ ನಂಬುತ್ತಿದ್ದಿರಿ. ಆದರೆ ಅವರಿಗೆ ಈ ವಿಷಯ ಹೇಳಿದ್ದೇ ನಿನ್ನೆ ರಾತ್ರಿ. "ನಿನ್ನ ಸಂಬಳ, ನಿನ್ನ ಸ್ನೇಹಿತರು, ನೀನೇ ನೋಡು" ಅಂದರು. ಪಾಪ, ಮಾಡದ ತಪ್ಪಿಗೆ ಅವರ ಹೆಸರು ಯಾಕೆ ಕೆಡಿಸಲಿ? ಗೌರಿ ಹಬ್ಬಕ್ಕೆ ನೀವು ಮನೆಗೆ ಬಂದಾಗ ಅವರ ಮುಖವನ್ನು ಬೇರೆ ಥರ ನೋಡುವ ಹಾಗಾಗಬಾರದು. ಬೇಡ ಅನ್ನುತ್ತಿರುವುದು ನಾನು.

ಕಾರಣ ಹಳೆಯದು. ನಮ್ಮ ಅಪ್ಪ ತರೀಕೆರೆ ಕಡೆ ಪ್ರೈಮರಿ ಶಾಲೆ ಮೇಷ್ಟ್ರಾಗಿದ್ದರು ಅಂತ ನಿಮಗೆ ಗೊತ್ತು. 1994ರಲ್ಲಿ ಜೊತೆಯ ಮೇಷ್ಟ್ರೊಬ್ಬರು 40,000 ರೂಪಾಯಿ ಸಾಲ ತೆಗೆದರು, ಅಪ್ಪ ಜಾಮೀನು ಹಾಕಿದರು. ಆ ಮೇಷ್ಟ್ರು ಮೋಸಗಾರರಲ್ಲ. ತುಂಬಾ ಒಳ್ಳೆಯವರು. ದಿನಾ ಸಂಜೆ ನಮ್ಮ ಜಗಲಿಗೆ ಬಂದು ಎಲೆ ಅಡಿಕೆ ಹಾಕಿಕೊಂಡು ಕೂರುತ್ತಿದ್ದರು. ನನಗೆ ಮಗ್ಗಿ ಕಲಿಸಿದ್ದು ಅವರೇ. ಒಂದು ವರ್ಷ ಕಂತು ಸರಿಯಾಗಿ ಕಟ್ಟಿದರು. ಆಮೇಲೆ ಕಾಯಿಲೆ ಬಿತ್ತು, ರಜೆ ಮುಗಿಯಿತು, ಸಂಬಳ ನಿಂತಿತು, ಕಂತೂ ನಿಂತಿತು. ಸೊಸೈಟಿಯಿಂದ ಹೆಡ್‌ಮಾಸ್ಟರಿಗೆ ಪತ್ರ ಬಂತು. ಅಪ್ಪನ ಸಂಬಳದಲ್ಲಿ ತಿಂಗಳಿಗೆ 850 ರೂಪಾಯಿ ಮುರಿಯಲು ಶುರು ಮಾಡಿದರು. 3 ವರ್ಷ.

ದುಡ್ಡಿನ ಕಷ್ಟ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ನನಗೆ ನೆನಪಿರುವುದು ಅದಲ್ಲ. ಆ ಮೇಷ್ಟ್ರು ನಮ್ಮ ಜಗಲಿಗೆ ಬರುವುದು ನಿಲ್ಲಿಸಿದರು. ಅಪ್ಪ ಪೇಟೆಗೆ ಹೋಗುವಾಗ ಅವರ ಬೀದಿ ಬಿಟ್ಟು ಕೆರೆ ಏರಿ ಮೇಲೆ ಬಳಸಿಕೊಂಡು ಹೋಗುತ್ತಿದ್ದರು. ಯಾಕಪ್ಪಾ ಅಂತ ಕೇಳಿದರೆ, "ನನ್ನ ಮುಖ ಕಂಡ್ರೆ ಅವನಿಗೆ ಸಂಕಟ ಆಗುತ್ತೆ ಕಣೆ" ಅನ್ನುತ್ತಿದ್ದರು. ನೋಡಿ ಸರ್, ಸಾಲ ತೆಗೆದವರಲ್ಲ, ಕಟ್ಟಿದವರೇ ತಲೆ ತಪ್ಪಿಸಿಕೊಂಡು ಓಡಾಡಿದ್ದು. ಸಾಲ ತೀರಿದ ಮೇಲೂ ಆ ಜಗಲಿ ಮೊದಲಿನ ಹಾಗೆ ಆಗಲಿಲ್ಲ.

ನಾನು ಕೆಲಸಕ್ಕೆ ಸೇರಿದ ವಾರವೇ, ಯಾರಿಗೂ ಜಾಮೀನು ಹಾಕುವುದಿಲ್ಲ ಅಂತ ಅಮ್ಮನಿಗೆ ಮಾತು ಕೊಟ್ಟಿದ್ದೇನೆ. ನನ್ನ ಸ್ವಂತ ತಮ್ಮ ಟ್ರ್ಯಾಕ್ಟರ್ ಸಾಲಕ್ಕೆ ಕೇಳಿದಾಗಲೂ ಇಲ್ಲ ಅಂದೆ. ಅವನು ಆರು ತಿಂಗಳು ಸರಿಯಾಗಿ ಮಾತಾಡಲಿಲ್ಲ. ನಿಮ್ಮ ಮೇಲೆ ನಂಬಿಕೆ ಇಲ್ಲದೆ ಇಲ್ಲ ಅಂದೆ ಅಂತ ತಿಳಿಯಬೇಡಿ, ಅಷ್ಟಕ್ಕೇ ಇದನ್ನೂ ಬರೆದೆ.

"ಬರೀ ಒಂದು ಸೈನ್ ಅಷ್ಟೇ ಮೇಡಂ" ಅಂದಿರಲ್ಲ, ಅದು ಅಷ್ಟೇ ಅಲ್ಲ. 1872ರ ಕರಾರು ಕಾಯ್ದೆ 128ನೇ ಕಲಂ ಪ್ರಕಾರ, ಒಪ್ಪಂದದಲ್ಲಿ ಬೇರೆ ಥರ ಬರೆಯದೆ ಇದ್ದರೆ, ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ ಹೊಣೆ. ಮೊದಲು ಅವನನ್ನು ಕೇಳಿ, ಆಮೇಲೆ ನನ್ನ ಹತ್ತಿರ ಬನ್ನಿ ಅಂತ ಹೇಳುವ ಹಾಗಿಲ್ಲ. ಆರು ಲಕ್ಷಕ್ಕೆ ಸೈನ್ ಹಾಕಿದರೆ ಆರು ಲಕ್ಷ ನಾನೂ ತೆಗೆದ ಹಾಗೆ. ನಮ್ಮ ಮನೆ ಸಾಲದ ಕಂತು ಇನ್ನೂ 9 ವರ್ಷ ಇದೆ, ಅದೂ ನಿಮಗೆ ಗೊತ್ತು.

ಇನ್ನೊಂದು ಮಾತು. ಹೇಳಲು ಸ್ವಲ್ಪ ನಾಚಿಕೆ. ನಾನು ಸೈನ್ ಹಾಕಿದೆ ಅಂತ ಇಟ್ಟುಕೊಳ್ಳಿ. ಮಾರನೇ ತಿಂಗಳು ನೀವು ಹೊಸ ಶೂ ಹಾಕಿಕೊಂಡು ಬಂದರೆ, "ಕಂತು ಕಟ್ಟಿದ್ರಾ ಇವರು?" ಅಂತ ನನ್ನ ತಲೆಗೆ ಬರುತ್ತದೆ. ದಸರಾ ರಜೆಯಲ್ಲಿ ನೀವು ಸುಧಾ ಅವರ ಜೊತೆ ಧರ್ಮಸ್ಥಳಕ್ಕೆ ಹೋದ ಫೋಟೋ ಹಾಕಿದರೆ, ನಾನು ಅದರಲ್ಲಿ ಬಸ್ಸೋ ಕಾರೋ ಅಂತ ನೋಡುತ್ತೇನೆ. ನನ್ನ ಬುದ್ಧಿ ಹಾಗೇ, ಏನು ಮಾಡಲಿ. ಸಾಲ ತೀರುವವರೆಗೂ ನಿಮ್ಮ ಖರ್ಚಿನ ಲೆಕ್ಕ ನನ್ನ ತಲೆಯಲ್ಲಿ ಓಡುತ್ತಿರುತ್ತದೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತು ಬುತ್ತಿ ಹಂಚಿಕೊಳ್ಳುವವರ ಬಗ್ಗೆ ಹಾಗೆ ಯೋಚಿಸುವುದು ನನಗೆ ಬೇಡ.

ಚಿರಂತ್‌ಗೆ ಹಾಸನದಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿದ್ದಕ್ಕೆ ನನಗೆ ಎಷ್ಟು ಖುಷಿಯಾಗಿದೆ ಅಂತ ಹೇಳಬೇಕಾಗಿಲ್ಲ. ಪಿಯುಸಿಯಲ್ಲಿ ಅವನ ಕನ್ನಡ ಪ್ರಬಂಧ ತಿದ್ದಿದವಳು ನಾನೇ ಅಲ್ವಾ. ಕಾಗುಣಿತ ಇನ್ನೂ ಸುಧಾರಿಸಬೇಕು, ಅದು ಬೇರೆ ಮಾತು. ಜಾಮೀನು ಆಗಲ್ಲ ಅಂದ ಮೇಲೆ ಆಗುವುದೇನು ಅಂತಲೂ ಹೇಳಬೇಕಲ್ಲ.

ನೀವು ಕೇಳುತ್ತಿರುವ ಆರು ಲಕ್ಷದಲ್ಲಿ ಎರಡು ವಿಷಯ ಸೇರಿದೆ. ಚಿರಂತ್ ಓದು, ಮನೆ ಮಹಡಿ. ಬುದ್ಧಿ ಹೇಳುತ್ತಿದ್ದಾಳೆ ಅನ್ನಬೇಡಿ. ಫೀಸಿಗೆ ದಿನ ಗೊತ್ತಾಗಿದೆ, ಅದು ಕಾಯುವುದಿಲ್ಲ. ಮಹಡಿ ಕಾಯುತ್ತದೆ. ಈ ಮಳೆಯಲ್ಲಿ ಮೋಲ್ಡ್ ಹಾಕುವವರಾದರೂ ಯಾರು? ಎರಡನ್ನೂ ಬೇರೆ ಮಾಡಿದರೆ ಓದಿನ ಭಾಗಕ್ಕೆ ನನ್ನಂಥ ಜಾಮೀನುದಾರರೇ ಬೇಡ. ಬ್ಯಾಂಕಿನ ಶಿಕ್ಷಣ ಸಾಲದಲ್ಲಿ 7.5 ಲಕ್ಷದವರೆಗೆ ಕೇಂದ್ರದ ಗ್ಯಾರಂಟಿ ಸ್ಕೀಮ್ ಇದೆ. ಅದರಡಿ ಕೊಟ್ಟರೆ ಆಸ್ತಿ ಅಡಮಾನವೂ ಬೇಡ, ಹೊರಗಿನವರ ಜಾಮೀನೂ ಬೇಡ. ನೀವು ಅಪ್ಪನಾಗಿ ಅವನ ಜೊತೆ ಸೈನ್ ಹಾಕಿದರೆ ಆಯಿತು. ಓದು ಮುಗಿದು ಒಂದು ವರ್ಷದವರೆಗೆ ಕಂತು ಶುರುವಾಗುವುದಿಲ್ಲ. ಬಡ್ಡಿ ಮಾತ್ರ ಸಾಲ ತೆಗೆದಾಗಿನಿಂದಲೇ ಸೇರುತ್ತಾ ಹೋಗುತ್ತದೆ, ಅದು ನೆನಪಿರಲಿ. ಅರ್ಜಿ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲೇ ಹಾಕಬಹುದು.

ಬ್ಯಾಂಕಿನವರು ಅಲೆಸುತ್ತಾರೆ ಅಂತ ನಿಮಗೆ ಸಿಟ್ಟು. ನನಗೂ ಗೊತ್ತು, ಅಲೆಸುತ್ತಾರೆ. ಸೊಸೈಟಿಯಲ್ಲಾದರೆ ಹತ್ತು ದಿನಕ್ಕೆ ದುಡ್ಡು ಕೈಗೆ ಬರುತ್ತದೆ. ಅದಕ್ಕೇ ಮೊದಲ ಕಂತಿನ ಫೀಸಿಗೆ ನಿಮ್ಮ ಕೆಜಿಐಡಿ ಪಾಲಿಸಿ ಮೇಲೆ ಸಾಲ ಎಷ್ಟು ಸಿಗುತ್ತದೆ ಅಂತ ಒಂದು ಸಲ ನೋಡಿಸಿ. ಅದು ನಮ್ಮದೇ ದುಡ್ಡು, ಯಾರ ಮುಖವೂ ನೋಡಬೇಕಾಗಿಲ್ಲ. ನೀವು 2008ರಲ್ಲಿ ಸೇರಿದವರು, ಎನ್‌ಪಿಎಸ್ ಲೆಕ್ಕದವರು. ನಿಮ್ಮ ಪಾಲಿನ ವಂತಿಗೆಯಲ್ಲಿ ಶೇ. 25ರವರೆಗೆ ಮಕ್ಕಳ ಉನ್ನತ ಓದಿಗೆ ತೆಗೆಯಲು ಅವಕಾಶ ಇದೆ. ಪಿಂಚಣಿ ದುಡ್ಡು ಮುಟ್ಟುವುದು ನನಗೆ ಇಷ್ಟವಿಲ್ಲ, ಆದರೂ ದಾರಿ ಇದೆ ಅಂತ ಗೊತ್ತಿರಲಿ.

ಸೋಮವಾರ ನೀವು ಅರ್ಧ ದಿನ ಸಿಎಲ್ ಹಾಕಿ ಬ್ಯಾಂಕಿಗೆ ಹೋಗಿ ಬನ್ನಿ. ಮಧ್ಯಾಹ್ನದ ನಿಮ್ಮ ಎರಡು ಪೀರಿಯಡ್ ನಾನು ತೆಗೆದುಕೊಳ್ಳುತ್ತೇನೆ. ಗಣಿತ ಹೇಳಿಕೊಡುತ್ತೇನೆ ಅಂತ ಹೆದರಬೇಡಿ, ನನ್ನ ವ್ಯಾಕರಣವೇ ಎರಡು ಪಾಠ ಬಾಕಿ ಇದೆ. ಅಡ್ಮಿಷನ್ ದಿನ ಹಾಸನಕ್ಕೆ ಹೋಗುವಾಗ ಹತ್ತನೇ ಕ್ಲಾಸಿನ ಬೆಳಗಿನ ಸ್ಪೆಷಲ್ ಕ್ಲಾಸೂ ನನಗೇ ಬಿಡಿ. ಎಚ್‌ಎಂ ಹತ್ತಿರ ನಾನೇ ಮಾತಾಡುತ್ತೇನೆ, ಕಾರಣ ಹೇಳುವುದಿಲ್ಲ.

ಮತ್ತೆ, ತಪ್ಪು ತಿಳಿಯದಿದ್ದರೆ, ನನ್ನ ಹತ್ತಿರ 20,000 ಇದೆ. ಚೀಟಿಯದ್ದು, ಹೋದ ತಿಂಗಳು ಎತ್ತಿದ್ದು. ಹಾಸ್ಟೆಲ್ ಅಡ್ವಾನ್ಸಿಗೋ ಲ್ಯಾಪ್‌ಟಾಪಿಗೋ ಬೇಕಾದರೆ ಹೇಳಿ. ಬಡ್ಡಿ ಬೇಡ, ಬರೆದುಕೊಡುವುದೂ ಬೇಡ, ಯಾವಾಗ ಆಗುತ್ತದೋ ಆಗ ಕೊಡಿ. ಇಷ್ಟು ದುಡ್ಡು ಹೊರಗಿದ್ದರೂ ನಾನು ನಿಮ್ಮ ಶೂ ನೋಡುವುದಿಲ್ಲ. ನನ್ನ ಯೋಗ್ಯತೆ ಅಷ್ಟು, ಅದಕ್ಕೇ ಮೊತ್ತವೂ ಅಷ್ಟು.

ಈ ವಿಷಯ ಸ್ಟಾಫ್ ರೂಮಿನಲ್ಲಿ ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ. ನೀವು ತುಂಬಿದ ಫಾರಂ ಈ ಕವರಿನಲ್ಲೇ ಇದೆ. ನಾಳೆ ಪ್ರಾರ್ಥನೆಗೆ ಮುಂಚೆ ನಿಮ್ಮ ಡ್ರಾಯರಿನಲ್ಲಿ ಹಾಜರಿ ಪುಸ್ತಕದ ಕೆಳಗೆ ಇಟ್ಟಿರುತ್ತೇನೆ. ಓದಿದ ಮೇಲೆ ಉತ್ತರ ಕೊಡಲೇಬೇಕು ಅಂತೇನಿಲ್ಲ. ಎರಡು ದಿನ ಮಾತು ಬೇಡ ಅನ್ನಿಸಿದರೆ ಬೇಡ. ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತರೂ ನಾನು ಏನೂ ಅಂದುಕೊಳ್ಳುವುದಿಲ್ಲ. ಸೋಮವಾರದ ಪೀರಿಯಡ್ ಅಂತೂ ನನ್ನದೇ.

ಹಾಂ, ಪ್ರತಿಭಾ ಕಾರಂಜಿಗೆ ಕ್ಲಸ್ಟರ್ ಮಟ್ಟಕ್ಕೆ ಹೆಸರು ಕಳಿಸಬೇಕು. ಭಾಷಣಕ್ಕೆ ಒಂಬತ್ತನೇ ಬಿ ಸೆಕ್ಷನ್ನಿನ ಹುಡುಗಿಯನ್ನು ಹಾಕೋಣ ಅಂತಿದ್ದೇನೆ. ಆದರೆ ಅವಳು ನಿಮ್ಮ ಮುಂದೆ ಮಾತ್ರ ಹೆದರದೆ ಮಾತಾಡುವುದು, ನನ್ನ ಕಂಡರೆ ಮರೆತುಬಿಡುತ್ತಾಳೆ. ಶನಿವಾರ ಕ್ಲಾಸ್ ಬಿಟ್ಟ ಮೇಲೆ ಅರ್ಧ ಗಂಟೆ ಅವಳನ್ನು ನೀವು ನೋಡಬೇಕು. ಊರಿಂದ ಕಳಲೆ ತಂದರೆ ನನ್ನ ಪಾಲು ಮರೆಯಬೇಡಿ. ಸುಧಾ ಅವರಿಗೆ ನೆನಪು ಹೇಳಿ.

ಇಂತಿ,
ಶಾರದಾ